ಕೆಟ್ಟ ಪ್ರಿಂಟ್‌ನಿಂದ 3ಡಿ ಪ್ರಿಂಟಿಂಗ್ ಪಾಠ

9ನೇ ತರಗತಿ, 12 ಮಕ್ಕಳು, 60 ನಿಮಿಷ. ಬೇಕಾದ್ದು: ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ಹಾಳಾದ 6 ಪ್ರಿಂಟ್, ಸ್ಕೇಲ್, ಭೂತಗನ್ನಡಿ.

ಮೊದಲ 15 ನಿಮಿಷ
ಮೂರು ಮೂರು ಮಕ್ಕಳ ಗುಂಪು. ಐದು ಪ್ರಿಂಟ್ ಕೈಯಿಂದ ಕೈಗೆ ಹೋಗಲಿ. ಕಂಡದ್ದನ್ನು ಮಾತ್ರ ಬರೆಯಲಿ, ಕಾರಣ ಈಗ ಬೇಡ. ಮಕ್ಕಳು ಸುಮ್ನೆ "ಮಷೀನ್ ಸರಿಯಿಲ್ಲ ಸಾರ್" ಅಂತಾರೆ. ಒಪ್ಪಬೇಡಿ.

ಮುಂದಿನ 25 ನಿಮಿಷ
ಎರಡು ಕಂಬಗಳ ನಡುವೆ ಜೇಡರ ಬಲೆಯಂಥ ಎಳೆ: ಸ್ಟ್ರಿಂಗಿಂಗ್. ಪ್ಲಾಸ್ಟಿಕ್ ಕರಗಿ ಹೊರಬರುವ ನಾಝಲ್‌ನ ಬಿಸಿ ಜಾಸ್ತಿ, ನಾಝಲ್ ಜಾಗ ಬದಲಿಸುವಾಗ ಪ್ಲಾಸ್ಟಿಕ್ ಹಿಂದಕ್ಕೆಳೆಯುವ ರಿಟ್ರ್ಯಾಕ್ಷನ್ ಕಡಿಮೆ, ಇಲ್ಲವೇ ಪ್ಲಾಸ್ಟಿಕ್ ತಂತಿ ಅಂದರೆ ಫಿಲಮೆಂಟ್ ತೇವ ಹೀರಿದೆ. ಮಳೆಗಾಲದಲ್ಲಿ ಮೊದಲು ತೇವವನ್ನೇ ಅನುಮಾನಿಸಿ. ಪ್ರಿಂಟ್ ಆಗುವಾಗ ಚಟಪಟ ಸದ್ದು ಬಂದಿತ್ತಾ, ಕೇಳಿ.

ಮೂಲೆ ಎದ್ದಿದ್ದರೆ ವಾರ್ಪಿಂಗ್. ತಣಿಯುವಾಗ ಪ್ಲಾಸ್ಟಿಕ್ ಕುಗ್ಗುತ್ತದೆ. ಪ್ರಿಂಟ್ ಕೂರುವ ಬೆಡ್ ಒರೆಸಿ, 60 ಡಿಗ್ರಿ ಇಡಿ.

ಮೆಟ್ಟಿಲಿನಂತೆ ಪಕ್ಕಕ್ಕೆ ಜರುಗಿದ್ದರೆ ಲೇಯರ್ ಶಿಫ್ಟ್, ಬೆಲ್ಟ್ ನೋಡಿ. ಪದರದ ನಡುವೆ ಸಂದು ಇದ್ದರೆ ಅಂಡರ್ ಎಕ್ಸ್‌ಟ್ರೂಷನ್, ನಾಝಲ್ ಕಟ್ಟಿರಬಹುದು. ಬುಡ ಹೊರಗೆ ಉಬ್ಬಿದ್ದರೆ ಆನೆಕಾಲು: ನಾಝಲ್ ಬೆಡ್‌ಗೆ ತೀರಾ ಹತ್ತಿರ, ಅಥವಾ ಬೆಡ್ ಬಿಸಿ ಜಾಸ್ತಿ. ಈ ಹೆಸರು ಯಾರೂ ಮರೆಯುವುದಿಲ್ಲ.

ಕೊನೆಯ 20 ನಿಮಿಷ
ಆರನೇ ಪ್ರಿಂಟ್ ಕೊಡಿ. ಇದರಲ್ಲಿ ಎಳೆಯೂ ಇದೆ, ಆನೆಕಾಲೂ ಇದೆ. ಮೊದಲು ಯಾವ ಒಂದು ಸೆಟ್ಟಿಂಗ್ ಬದಲಿಸುತ್ತೀರಿ, ಯಾಕೆ? ಪ್ರತಿ ಗುಂಪೂ ಎರಡು ಸಾಲು ಬರೆದುಕೊಡಲಿ.