ಎಂಟನೆಯ ತರಗತಿ ಸಂಗೀತ: ಹಾಳೆಯ ಮೇಲಿನ ಇಟಾಲಿಯನ್ ಮಾತುಗಳು

ದಸರಾ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡ್ ಬರುವಾಗ ಗಮನಿಸಿದ್ದೀರಾ? ದೂರದ ತಿರುವಿನಲ್ಲಿ ಸಣ್ಣಗೆ ಕೇಳಿ, ಹತ್ತಿರ ಬಂದಂತೆಲ್ಲ ಸದ್ದು ಏರುತ್ತಾ ಎದೆ ನಡುಗಿಸುತ್ತದೆ. ಹಾಗೆ ಏರುತ್ತಾ ಹೋಗುವುದೇ ಕ್ರೆಶೆಂಡೋ. ಈ ಪದಕ್ಕೆ ‘ಬೆಳೆಯುತ್ತಾ’ ಎಂದು ಅರ್ಥ. ತುತ್ತತುದಿಯ ಅಬ್ಬರವನ್ನೇ ಕ್ರೆಶೆಂಡೋ ಎನ್ನುವವರು ಬಹಳ ಮಂದಿ, ಅದು ತಪ್ಪು. ಅದು ಬೆಟ್ಟದ ತುದಿಯಲ್ಲ, ಮೆಟ್ಟಿಲು. ಸ್ವರಗಳ ಕೆಳಗೆ ಎಡಕ್ಕೆ ಮುಚ್ಚಿ ಬಲಕ್ಕೆ ಬಾಯಿ ತೆರೆದ ಎರಡು ಗೆರೆಗಳು ಕಂಡರೆ, ಮೆಲ್ಲಗೆ ಆರಂಭಿಸಿ ಸ್ವಲ್ಪಸ್ವಲ್ಪವೇ ದನಿ ಏರಿಸಬೇಕು. ನಮ್ಮ ತರಗತಿ ಎರಡನೆಯ ಸ್ವರಕ್ಕೇ ಕಿರುಚಿಬಿಡುತ್ತದೆ! ಆಮೇಲೆ ಏರಲು ಜಾಗವೆಲ್ಲಿದೆ? ಗೆರೆಗಳು ತಿರುಗಿದ್ದರೆ ಡಿಮಿನುಯೆಂಡೋ, ದನಿ ಇಳಿಸುತ್ತಾ ಹೋಗುವುದು.

ಪಿಯಾನೋ ಎಂದರೆ ಮೆಲ್ಲಗೆ, ಫೋರ್ಟೆ ಎಂದರೆ ಜೋರಾಗಿ. ಎರಡೂ ಬಗೆಯಲ್ಲಿ ನುಡಿಸಬಹುದಾದ ವಾದ್ಯಕ್ಕೆ ಪಿಯಾನೋಫೋರ್ಟೆ ಎಂದು ಹೆಸರಾಯಿತು. ನಾವು ಅರ್ಧವನ್ನಷ್ಟೇ ಉಳಿಸಿಕೊಂಡೆವು.

ಇನ್ನು ವೇಗ. ಅಲ್ಲೆಗ್ರೋ ಎಂದರೆ ಬೇಗ ಎಂದು ಬರೆದುಕೊಳ್ಳಿ, ಆದರೆ ಇಟಾಲಿಯನ್ನಿನಲ್ಲಿ ಅದರ ಮೂಲಾರ್ಥ ‘ಲವಲವಿಕೆಯ’. ಸುಮಾರಾಗಿ ನಿಮಿಷಕ್ಕೆ 120ಕ್ಕಿಂತ ಹೆಚ್ಚು ಬಡಿತ. ಬಸ್ ತಪ್ಪೀತೆಂದು ಓಡುವ ಗಾಬರಿ ಬೇಡ, ಶಾಲೆ ಬಿಟ್ಟಾಗಿನ ಹುರುಪು ಸಾಕು. ಆಂದಾಂತೆ ನಡಿಗೆಯ ವೇಗ: ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಆರಾಮವಾಗಿ ನಡೆದಂತೆ. ಅದಾಜಿಯೋ ಅದಕ್ಕಿಂತ ನಿಧಾನ.

ದಾ ಕಾಪೋ ಎಂದರೆ ‘ತಲೆಯಿಂದ’. ಆ ಮಾತು ಬಂದಲ್ಲಿ ಮೊದಲ ಸಾಲಿಗೆ ಮರಳಬೇಕು. ಚರಣ ಮುಗಿಸಿ ಪಲ್ಲವಿಗೆ ಬರುವವರಿಗೆ ಇದನ್ನು ಹೇಳಿಕೊಡಬೇಕೇ?

ಸೋಮವಾರ ‘ಸರಿಗಮಪದನಿಸ’ವನ್ನು ಕ್ರೆಶೆಂಡೋದಲ್ಲಿ ಹಾಡಬೇಕು. ಷಡ್ಜವನ್ನು ಪಿಸುಮಾತಿನಷ್ಟು ಮೆಲ್ಲಗೆ ಹಿಡಿಯಿರಿ.