ಬಿದರಿ ಕಿರುಚಿತ್ರ: ಗುರುತು ಹಾಕಿದ ನಿರೂಪಣಾ ಪ್ರತಿ

ಮ್ಯೂಸಿಯಂ ಗ್ಯಾಲರಿಯಲ್ಲಿ, ಹೂಜಿ ಇಟ್ಟ ಗಾಜಿನ ಪೆಟ್ಟಿಗೆಯ ಪಕ್ಕದ ಪರದೆಗೆ. ಒಟ್ಟು 1 ನಿಮಿಷ 50 ಸೆಕೆಂಡ್. ಕೇಳುವವರು ಎರಡಡಿ ದೂರದಲ್ಲಿ ನಿಂತಿರುತ್ತಾರೆ. ಜಾಹೀರಾತಿನ ಹುರುಪು ಬೇಡ, ಪಕ್ಕದವರಿಗೆ ತೋರಿಸಿ ಹೇಳುವ ದನಿ ಸಾಕು.

ಒತ್ತು: ದನಿ ಏರಿಸಬೇಡಿ. ಪದದ ಮೊದಲ ಅಕ್ಷರಕ್ಕೆ ತೂಕ ಕೊಟ್ಟು ತುಸು ನಿಧಾನಿಸಿ.
/ : ಕಾಲು ಸೆಕೆಂಡ್ ತಡೆ. ಉಸಿರು ಎಳೆಯುವಂತಿಲ್ಲ.
// : ಉಸಿರು, ಮುಕ್ಕಾಲು ಸೆಕೆಂಡ್. ಬಾಯಿ ತುಸು ತೆರೆದು, ಸದ್ದಿಲ್ಲದೆ.
/// : ಎರಡು ಸೆಕೆಂಡ್ ಮೌನ. ಚಿತ್ರ ನೋಡಿ ಮುಂದುವರಿಯಿರಿ.
‿ : ಎರಡು ಪದ ಬಿಡಿಸಬೇಡಿ. "ಹಬ್ಬಿದ" ಎಂದು ಉಸಿರೆಳೆದು ಆಮೇಲೆ "ಬಳ್ಳಿ" ಎಂದರೆ ಏನು ಹಬ್ಬಿತು ಎಂದು ಕೇಳುಗ ಕಾಯುತ್ತಾ ನಿಲ್ಲುತ್ತಾನೆ.
↗ ದನಿ ಮೇಲೆ ನಿಲ್ಲಲಿ, ಮಾತು ಮುಗಿದಿಲ್ಲ. ↘ ದನಿ ಇಳಿಯಲಿ.

1. (0:04) ಕುತೂಹಲ, ಮೆಲುದನಿ

ಈ ಹೂಜಿಯ ಮೇಲೆ ಹಬ್ಬಿದ‿ಬಳ್ಳಿ / ಬೆಳ್ಳಿಯದು. ↘ // ಸುತ್ತಲಿನ‿ಕಪ್ಪು ↗ / ಬಳಿದ‿ಬಣ್ಣವಲ್ಲ. ↘

ಒತ್ತು "ಬಳಿದ" ಮೇಲೆ, "ಬಣ್ಣ"ದ ಮೇಲಲ್ಲ. ಹಾಗೆ ಓದಿದರೆ ಮಾತ್ರ "ಮತ್ತೆ ಕಪ್ಪಾದದ್ದು ಹೇಗೆ?" ಎಂಬ ಪ್ರಶ್ನೆ ಏಳುತ್ತದೆ. ಉತ್ತರ 5ನೇ ಸಾಲಿನಲ್ಲಿದೆ. ಬಳ್ಳಿ, ಬೆಳ್ಳಿ ಅಕ್ಕಪಕ್ಕ ಬಂದಿವೆ: "ಬೆ" ಸ್ಪಷ್ಟವಾಗಿರಲಿ, "ಳ್ಳ" ಸವೆದು "ಲ್ಲ" ಆಗದಿರಲಿ.

2. (0:17) ಸಮದನಿ, ಮಾಹಿತಿ

ಇದು ಬಿದರಿ. // ಬಹಮನಿ ಸುಲ್ತಾನರ‿ಕಾಲದಿಂದ / ಬೀದರ್‌ನಲ್ಲಿ ನಡೆದುಬಂದ‿ಕಸುಬು. ↘ // 2006ರಲ್ಲಿ ಇದಕ್ಕೆ / ಭೌಗೋಳಿಕ‿ಸೂಚಕ‿ಮಾನ್ಯತೆ ಸಿಕ್ಕಿತು. ↘

ಕಸುಬು ಬಿದರಿ, "ಬಿ" ಹ್ರಸ್ವ. ಊರು ಬೀದರ್, "ಬೀ" ದೀರ್ಘ. "ಬಿದಿರಿ" ಎಂದರೆ ಬಿದಿರಿನ ಬುಟ್ಟಿ ನೆನಪಾಗುತ್ತದೆ. ಇಸವಿಯನ್ನು "ಎರಡು ಸಾವಿರದ ಆರರಲ್ಲಿ" ಎಂದು ಓದಿ. "ಭೌ" ಮೈಕ್‌ಗೆ ನೇರ ಬಡಿಯುತ್ತದೆ. ಆ ಪದಕ್ಕೆ ಮುಖ ತುಸು ಓರೆ ಮಾಡಿ.

3. (0:34) ಲೆಕ್ಕ ಹೇಳುವ ದನಿ

ಹದಿನಾರು‿ಪಾಲು ಸತು, ↗ / ಒಂದು‿ಪಾಲು ತಾಮ್ರ. ↘ // ಎರಡನ್ನೂ ಕರಗಿಸಿ / ಮರಳಿನ‿ಅಚ್ಚಿಗೆ ಹೊಯ್ಯುತ್ತಾರೆ. ↘

ಕ್ರಿಯಾಪದ ಕೊನೆಗೆ ಬರುವುದರಿಂದ ಉಸಿರು ಸಾಲದೆ "ತ್ತಾರೆ" ನುಂಗಿಹೋಗುವುದು ಮಾಮೂಲು ತಪ್ಪು. "ರೆ" ಕೇಳಲೇಬೇಕು.

4. (0:47) ಕೈಕೆಲಸದ ಲಯ, ತುಸು ಚುರುಕು

ಅರದಿಂದ ಉಜ್ಜಿದ‿ಮೈಗೆ / ಮೈಲುತುತ್ತದ‿ನೀರು ಸವರಿದರೆ / ಕೆಲಸದ‿ಮಟ್ಟಿಗೆ ಕಪ್ಪಾಗುತ್ತದೆ. // ಅದರ ಮೇಲೆ ಉಕ್ಕಿನ‿ಮೊನೆಯಿಂದ ಗೀಚಿದ‿ಗೆರೆ / ಎದ್ದು ಕಾಣುತ್ತದೆ. // ಆ ಗೆರೆಯಲ್ಲೇ ಉಳಿಯಿಂದ ಕೊರೆದು, ↗ / ಬೆಳ್ಳಿಯ‿ತಂತಿಯನ್ನು /// ಬಡಿದು ಕೂರಿಸುತ್ತಾರೆ. ↘

ಇಲ್ಲಿನ "ಕಪ್ಪಾಗುತ್ತದೆ"ಗೆ ಒತ್ತು ಕೊಡಬೇಡಿ. ಇದು ಅಳಿಸಿಹೋಗುವ ಕಪ್ಪು. ಇಲ್ಲೇ ತೂಕ ಖರ್ಚು ಮಾಡಿದರೆ ಮುಂದಿನ ಸಾಲಿಗೆ ಏನೂ ಉಳಿಯುವುದಿಲ್ಲ. "ತಂತಿಯನ್ನು" ಆದಮೇಲೆ ಸುತ್ತಿಗೆಯ ಎರಡು ಏಟು ಕೇಳಿಸುತ್ತವೆ. ಎರಡನೆಯದು ಮುಗಿದ ಮೇಲೆ "ಬಡಿದು". ಹೆಡ್‌ಫೋನ್‌ನಲ್ಲಿ ಆ ಸದ್ದು ಕೊಡುತ್ತೇವೆ.

5. (1:14) ನಿಧಾನ. ಇಡೀ ಚಿತ್ರ ಈ ಸಾಲಿಗಾಗಿ ಕಾದಿದೆ

ಕೊನೆಗೆ / ಬೀದರ್ ಕೋಟೆಯ‿ಮಣ್ಣು. ↘ /// ಅದಕ್ಕೆ ನವಸಾಗರ ಬೆರೆಸಿ, ↗ / ಬಿಸಿ‿ಮಾಡಿದ‿ಹೂಜಿಗೆ ಹಚ್ಚುತ್ತಾರೆ. // ಲೋಹ / ಕಪ್ಪಾಗುತ್ತದೆ. ↗ /// ಬೆಳ್ಳಿ / ಬೆಳ್ಳಿಯಾಗಿಯೇ ಉಳಿಯುತ್ತದೆ. ↘

"ಮಣ್ಣು" ಸಾದಾ ಪದವಾಗಿಯೇ ಬರಲಿ. ಇಲ್ಲಿ ಗುಟ್ಟು ಬಿಚ್ಚುವ ನಾಟಕದ ದನಿ ಬಂದರೆ ಕೇಳುಗ ದನಿಯನ್ನು ಗಮನಿಸುತ್ತಾನೆ, ಮಣ್ಣನ್ನಲ್ಲ. "ಣ್ಣ"ದ ಮೇಲೆ ನಾಲಿಗೆ ಅರೆಕ್ಷಣ ನಿಂತರೆ ಸಾಕು. "ಕಪ್ಪಾಗುತ್ತದೆ" ಎಂದಾಗ ದನಿ ಇಳಿಸಿದರೆ ಕಥೆ ಅಲ್ಲಿಗೇ ಮುಗಿದಂತೆ ಕೇಳುತ್ತದೆ, ಬೆಳ್ಳಿಯ ಮಾತು ಬಾಲಂಗೋಚಿಯಾಗುತ್ತದೆ. ಮೌನದ ಎರಡು ಸೆಕೆಂಡ್‌ನಲ್ಲಿ ಪರದೆಯ ಮೇಲೆ ಮಣ್ಣು ತೊಳೆದುಹೋಗುತ್ತಿರುತ್ತದೆ. ಆಗ ಉಸಿರೆಳೆಯಬೇಡಿ, ಮೌನದಲ್ಲಿ ಉಸಿರಿನ ಸದ್ದು ದೊಡ್ಡದಾಗಿ ಕೇಳುತ್ತದೆ. ಬೇಕಾದ ಉಸಿರು "ಹಚ್ಚುತ್ತಾರೆ" ಆದಮೇಲೆಯೇ ತುಂಬಿಕೊಳ್ಳಿ. "ಬೆಳ್ಳಿಯಾಗಿಯೇ"ದಲ್ಲಿ "ಯೇ" ಎಳೆದರೆ ಉದ್ಗಾರವಾಗುತ್ತದೆ. ತೂಕ "ಬೆ" ಮೇಲೆ.

6. (1:40) ಹಗುರ, ಕೈ ಒರೆಸಿಕೊಂಡ ಹಾಗೆ

ಮೇಲೆ ಒಂದು ಕೈ ಎಣ್ಣೆ. / ಹೂಜಿ ಸಿದ್ಧ. ↘

ಮುಗುಳ್ನಗೆ ದನಿಯಲ್ಲಿರಲಿ. "ದ್ಧ" ಬಿಗಿಯಾಗಿ, ಬಾಲ ಎಳೆಯದೆ.

1, 5, 6ನೇ ಸಾಲುಗಳು ಮೂರು ಮೂರು ಟೇಕ್, ಉಳಿದವು ಎರಡೆರಡು. ತಪ್ಪಿದರೆ ತಪ್ಪಿದ ಪದದಿಂದಲ್ಲ, ಹಿಂದಿನ // ಗುರುತಿನಿಂದ ಮತ್ತೆ ಓದಿ. ಅಲ್ಲಿ ಕತ್ತರಿಸಿ ಜೋಡಿಸಿದರೆ ಗೊತ್ತಾಗುವುದಿಲ್ಲ. ಕೊನೆಯ ಟೇಕ್ ಆದಮೇಲೆ ಅಲ್ಲಾಡದೆ 30 ಸೆಕೆಂಡ್ ಕುಳಿತಿರಿ, ಕೋಣೆಯ ಮೌನ ರೆಕಾರ್ಡ್ ಆಗಬೇಕು.