ಫಿಟ್ಸ್ ಬಂದಾಗ ಕಬ್ಬಿಣ ಹುಡುಕಬೇಡಿ, ಗಡಿಯಾರ ನೋಡಿ
(ಉಡುಪಿ ತಾಲೂಕಿನ ಅಂಗನವಾಡಿಯೊಂದರಲ್ಲಿ ಆರೋಗ್ಯ ಮಾಹಿತಿ)

ಅಕ್ಕಂದಿರೇ, ಅಣ್ಣಂದಿರೇ, ಫಿಟ್ಸ್ ಬರುವ ಅಪಸ್ಮಾರ ಕಾಯಿಲೆ ನಾಗದೋಷವಲ್ಲ, ದೈವದ ಮುನಿಸಲ್ಲ. ಮಿದುಳಿನ ನರಕೋಶಗಳಲ್ಲಿ ವಿದ್ಯುತ್ ಸಂಚಾರ ಒಮ್ಮೆಲೇ ಏರುಪೇರಾದಾಗ ಮೈ ಸೆಟೆದು ಅದುರುತ್ತದೆ. ಮುಟ್ಟಿದರೆ ಅಂಟುವುದಿಲ್ಲ. ನೀವು ಹರಕೆ ಹೇಳಿಕೊಳ್ಳಿ, ಬೇಡವೆನ್ನುವುದಿಲ್ಲ. ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಬಾರದು. ಸರಿಯಾಗಿ ಮದ್ದು ತೆಗೆದುಕೊಂಡರೆ 10ರಲ್ಲಿ ಸುಮಾರು 7 ಜನರಿಗೆ ಫಿಟ್ಸ್ ನಿಲ್ಲುತ್ತದೆ. ಗುಣವಾಯಿತೆಂದು ನೀವೇ ಮಾತ್ರೆ ಬಿಟ್ಟರೆ ಮತ್ತೆ ಜೋರಾಗಿ ಬರಬಹುದು.

ಯಾರಾದರೂ ಬಿದ್ದರೆ ಮೊದಲು ಮೊಬೈಲಿನಲ್ಲಿ ಸಮಯ ನೋಡಿಕೊಳ್ಳಿ. ಒಲೆ, ಕತ್ತಿ, ಕಲ್ಲು ದೂರ ಸರಿಸಿ. ತಲೆಯಡಿಗೆ ಮಡಚಿದ ಬೈರಾಸು ಇಡಿ, ಕುತ್ತಿಗೆಯ ಗುಂಡಿ ಸಡಿಲಿಸಿ. ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿ ನೆಲದ ಕಡೆಗಿರಲಿ. ಜೊಲ್ಲು, ನೊರೆ ಹೊರಗೆ ಹರಿಯುತ್ತದೆ. ಅಂಗಾತ ಮಲಗಿದ್ದರೆ ಅದೇ ಶ್ವಾಸಕೋಶಕ್ಕೆ ಇಳಿಯಬಹುದು.

ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಚಪ್ಪಲಿ, ನೀರುಳ್ಳಿ ಮೂಸಿಸುವುದು ಏನೂ ಪ್ರಯೋಜನವಿಲ್ಲ. ಫಿಟ್ಸ್ ಹೆಚ್ಚಾಗಿ 1ರಿಂದ 3 ನಿಮಿಷದಲ್ಲಿ ತಾನೇ ನಿಲ್ಲುತ್ತದೆ, ಕಬ್ಬಿಣದಿಂದ ನಿಂತಿತೆಂದು ನಮಗೆ ತೋರುತ್ತದೆ ಅಷ್ಟೆ. ಹಲ್ಲಿನ ನಡುವೆ ಚಮಚ ತುರುಕಿದರೆ ಹಲ್ಲು ಮುರಿದು ಗಂಟಲಿಗೆ ಹೋಗಬಹುದು. ನಾಲಿಗೆ ನುಂಗಿಹೋಗುವುದಿಲ್ಲ. ಕೈಕಾಲು ಅದುಮಿ ಹಿಡಿಯಬೇಡಿ, ಕೀಲು ತಪ್ಪಬಹುದು. ಪೂರ್ತಿ ಎಚ್ಚರವಾಗುವ ತನಕ ನೀರು, ಮಾತ್ರೆ ಯಾವುದೂ ಬಾಯಿಗೆ ಬೇಡ.

5 ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಮತ್ತೊಮ್ಮೆ ಬಂದರೆ, ಇದೇ ಮೊದಲ ಸಲವಾದರೆ, ಗರ್ಭಿಣಿಯಾದರೆ, ನೀರಿನಲ್ಲಿ ಬಂದಿದ್ದರೆ, ತಲೆಗೆ ಪೆಟ್ಟಾಗಿದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಫಿಟ್ಸ್ ಹತೋಟಿಗೆ ಬರುವವರೆಗೆ ಮರ ಹತ್ತುವುದು, ದೋಣಿಯಲ್ಲಿ ಒಬ್ಬರೇ ಹೋಗುವುದು, ಬಾವಿಯಿಂದ ನೀರು ಸೇದುವುದು ಬೇಡ. ಫಿಟ್ಸ್ ನಿಂತ ಮೇಲೆ ಹೆದರಿದ ಮಗುವಿನ ಕೈ ಹಿಡಿದು ಕೂತುಕೊಳ್ಳಿ, ಸುತ್ತ ಗುಂಪುಗೂಡಬೇಡಿ.